ಕೈಸನ್ನೆಯ ಠರಾವು

ಇಚಲಕರಂಜಿಯ ಮಗ್ಗದ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ, ಕೈಯೇ ಮಾತಾಡಬೇಕು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಕಲಿತದ್ದು ಆ ಭಾಷೆಯನ್ನೇ. ಬೆರಳು ತಿರುಗಿಸಿದರೆ ಕಾಂಡಿ, ಅಂದರೆ ನೂಲು ಸುತ್ತಿದ ಕೊಳವೆ, ಬೇಕು ಎಂದರ್ಥ. ಅಂಗೈ ಅತ್ತಿತ್ತ ಆಡಿಸಿದರೆ ಮಗ್ಗ ನಿಲ್ಲಿಸು. ಈ ಎರಡನೆಯ ಸನ್ನೆಗೆ ನಾನು ಯಾರಿಗೂ ಬಗ್ಗಿದವನಲ್ಲ. ಪಾಳಿ ಮುಗಿಯುವ ತನಕ ನನ್ನ ಮಗ್ಗ ಓಡುತ್ತಲೇ ಇರಬೇಕು.

ನನ್ನ ಹೆಂಡತಿ ಮಾಲಕರ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಿದ್ದಳು. ಮನೆಯಲ್ಲೇ ಸ್ವಂತ ಕಾಂಡಿ ಮಷೀನು ಹಾಕಬೇಕೆಂಬುದು ಅವಳ ಹಟ. ಅದಕ್ಕೇ ಓಣಿಯ ಹೆಂಗಸರನ್ನು ಕೂಡಿಸಿ ಬಚತ ಗಟ, ಅಂದರೆ ಉಳಿತಾಯದ ಸಂಘ, ಕಟ್ಟಿದಳು.

"ಖಾತೆ ನನ್ನ ಹೆಸರಿನ್ಯಾಗ ತಗೀರಿ, ಓಡಾಟ ಉಳಿತೈತಿ," ಎಂದೆ.

"ರೇಶನ್ ಕಾರ್ಡಿನ್ಯಾಗ ನಿಮ್ಮ ಹೆಸರು ಐತಲ್ರಿ, ಅಷ್ಟ ಸಾಕು," ಎಂದಳು.

ಖಾತೆ ಗಟದ ಹೆಸರಿನಲ್ಲೇ ಆಯಿತು. ಇವಳು ಅಧ್ಯಕ್ಷೆ, ಪಕ್ಕದ ಮನೆಯ ಮುದುಕಿ ಖಜಾನಚಿ, ಇನ್ನೊಬ್ಬಳು ಕಾರ್ಯದರ್ಶಿ. ಮೂವರಲ್ಲಿ ಇಬ್ಬರ ಸಹಿ ಇಲ್ಲದೆ ಹಣ ಬರುವುದಿಲ್ಲವೆಂದು ಠರಾವು ಬರೆದು ಎಲ್ಲರೂ ಸಹಿ ಹಾಕಿದರು. ವಾರವಾರ ಸಭೆ ಸೇರಿ ಉಳಿತಾಯ ಕೂಡಿಸಿದರು, ಒಬ್ಬರಿಗೊಬ್ಬರು ಸಾಲ ಕೊಟ್ಟು ವಸೂಲಿಯನ್ನೂ ಮಾಡಿದರು. ಹೀಗೆ ಆರು ತಿಂಗಳು ದಾಟಿದ ಮೇಲೆ ಬ್ಯಾಂಕಿನ ಸಾಲಕ್ಕೆ ಅರ್ಜಿ ಹೋಯಿತು. ಗಟ ನೋಡಲು ಬ್ಯಾಂಕಿನ ಸಾಹೇಬರೇ ಬಂದರು.

ಸಭೆ ಸೇರಿದ್ದು ನಮ್ಮ ಕಟ್ಟೆಯ ಮೇಲೆ. ಎದುರಿಗೇ ಶೆಡ್ಡು, ತೆರೆದ ಬಾಗಿಲಲ್ಲಿ ನನ್ನ ಪಾಲಿನ ನಾಲ್ಕು ಮಗ್ಗ ಓಡಿಸುತ್ತ ನಾನು. ಸಾಹೇಬರು ಪುಸ್ತಕಗಳನ್ನು ನೋಡಿದರು, ಸಾಲದ ಠರಾವು ಓದಿಸಿದರು. ಸಾಲ ಗಟಕ್ಕೆ ಸಿಗುತ್ತದೆ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎಂದು ಹೇಳಿ ಮರಾಠಿಯಲ್ಲಿ ಕೇಳಿದರಂತೆ: "ಸಗಳ್ಯಾಂನಾ ಮಾನ್ಯ ಆಹೇ ಕಾ?" ಎಲ್ಲರಿಗೂ ಒಪ್ಪಿಗೆಯೇ?

ಖಜಾನಚಿ ಮುದುಕಿ ಎದ್ದು ನಿಂತು ಅಂಗೈ ಅತ್ತಿತ್ತ ಆಡಿಸಿದಳು.

ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು. ಹೆಂಡತಿಯ ಮುಖ ಬಿಳುಚಿತು. ಅವರಿಬ್ಬರ ಕಣ್ಣಿಗೆ ಅದು 'ಬೇಡ'. ಆದರೆ ಮುದುಕಿ ನೋಡುತ್ತಿದ್ದದ್ದು ನನ್ನನ್ನು.

ನಾಲ್ಕೂ ಮಗ್ಗ ನಿಲ್ಲಿಸಿದೆ. ಓಣಿಯೇ ತಟ್ಟನೆ ಮೌನವಾಯಿತು.

"ಏ ತಮ್ಮಾ, ಎಷ್ಟೊತ್ತ ಕೈ ಮಾಡೂದೋ? ಸಾಹೇಬ್ರು ಏನ ಕೇಳ್ಯಾರ ಅಂತ ನನಗ ಕೇಳಬ್ಯಾಡೇನು?" ಎಂದು ಮುದುಕಿ ಗದರಿದಳು.

ಸಾಹೇಬರು ಮತ್ತೆ ಕೇಳಿದರು. ಮಗ್ಗ ನಿಂತದ್ದನ್ನು ಮರೆತು ಹೆಂಗಸರೆಲ್ಲ ಶೆಡ್ಡಿನ ದನಿಯಲ್ಲೇ "ಹೌದ್ರೀ!" ಎಂದು ಕೂಗಿದರು. ಸಾಹೇಬರು ಕಿವಿ ಮುಚ್ಚಿಕೊಂಡು ನಕ್ಕರು.

ಸಾಲ ಗಟದ ಖಾತೆಗೆ ಬಂತು. ಯಾರಿಗೆಷ್ಟು ಎಂದು ಸಭೆಯಲ್ಲೇ ತೀರ್ಮಾನವಾಯಿತು. ನಮ್ಮ ಪಡಸಾಲೆಗೆ ಮಷೀನು ಬಂತು. ಈಗ ಮಾಲಕರೂ ಅವಳಿಂದಲೇ ಕಾಂಡಿ ಸುತ್ತಿಸಿಕೊಳ್ಳುತ್ತಾರೆ. ಮೊನ್ನೆ ಶೆಡ್ಡಿನ ಬಾಗಿಲಿಂದ ಬೆರಳು ತಿರುಗಿಸಿದೆ. ಅವಳು ತಲೆ ಎತ್ತಲೂ ಇಲ್ಲ. ಹತ್ತಿರ ಹೋದೆ.

"ಪಾಳಿ ಹಚ್ಚಿ ನಿಲ್ರಿ," ಎಂದಳು. "ನೀವೊಬ್ಬರ ಗಿರಾಕಿ ಏನು?"