ಪುಷ್ಪಾ ಹಾಕಿದ ಎರಡು ಗೆರೆ

ಮದ್ದೂರು ಬಳಿಯ ಗೆಜ್ಜಲಗೆರೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪುಷ್ಪಾಳ ಬಾಯಿಗೆ ಹೆದರದವರಿಲ್ಲ. ರಟ್ಟಿನ ಬಾಕ್ಸ್ ಮಾಡುವ ಶೆಡ್ಡೊಂದರಲ್ಲಿ ಪಿನ್ ಹೊಡೆಯುವ ಕೆಲಸಕ್ಕೆಂದು ಸೇರಿದವಳು, ಯಜಮಾನ ಕೈಚೆಲ್ಲಿ ಕೂತಾಗ ಆ ಶೆಡ್ಡನ್ನೇ ಕೊಂಡು ನಿಂತವಳು. ನಿಂತಿದ್ದೇ ತಡ, ಲೋಕದಲ್ಲಿ ಬುದ್ಧಿ ಇರುವುದು ತನಗೊಬ್ಬಳಿಗೇ ಎಂದು ಅವಳಿಗೆ ಖಾತ್ರಿಯಾಗಿಹೋಯಿತು. ಪೇಪರ್ ಮಿಲ್ಲಿನವರು ಕಳ್ಳರು, ಲಾರಿಯವರು ಸೋಮಾರಿಗಳು, ಗಂಡ ಮಹದೇವ ತಲೆಯಾಡಿಸುವ ಬಸವ. ಇವರೆಲ್ಲರಿಗಿಂತ ಕೀಳಾಗಿ ಅವಳು ಕಾಣುತ್ತಿದ್ದುದು ತನಗೆ ಅನ್ನ ಹಾಕುತ್ತಿದ್ದ ಮಳವಳ್ಳಿ ರಸ್ತೆಯ ಜ್ಯೂಸ್ ಕಂಪನಿಯವರನ್ನು.

ಆ ಕಂಪನಿಯಲ್ಲಿ ಬಾಕ್ಸು ಖಾಲಿಯಾಗುವ ಸುದ್ದಿ ಖಾಲಿಯಾದ ಮೇಲೆಯೇ ಹೊರಬೀಳುತ್ತಿತ್ತು. ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಸಿದ್ದೇಶ್ ಸಂಜೆ ಹೊತ್ತಿಗೆ ಫೋನ್ ಮಾಡಿ ಗೋಗರೆಯುವನು.

"ಪುಷ್ಪಕ್ಕ, ನಾಳಿಕ್ಕೆ ಜ್ಯೂಸ್ ತುಂಬೋ ಲೈನ್ ನಿಂತೋಯ್ತದೆ. ನನ್ ಮಾನ ಉಳ್ಸಕ್ಕ."

"ನಾಕ್ ದಿನ ಮುಂಚೆ ಯೋಳಕ್ಕೆ ಬಾಯ್ ಬಿದ್ದೋಗಿತ್ತಾ ನಿಂಗೆ?" ಎಂದು ಚೆನ್ನಾಗಿ ಉಗಿದು, ಬೆಳಿಗ್ಗೆ ಲೋಡು ಕಳಿಸುವಳು. ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿಸಿದೆ ಎನ್ನುವಳು. ಶುದ್ಧ ಸುಳ್ಳು. ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಅದೇ ಕಂಪನಿಯ ಬಾಕ್ಸುಗಳು ಕಟ್ಟುಕಟ್ಟಾಗಿ ಸದಾ ತಯಾರಿರುತ್ತಿದ್ದವು. "ನೀವು ದೇವ್ರು ಕಣಕ್ಕ" ಎಂದು ಸಿದ್ದೇಶ್ ಅನ್ನುವಾಗ ಅವಳು ಗಂಡನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದಳು. ದೇವರಾಗುವುದು ಇಷ್ಟು ಸುಲಭವಿದ್ದರೆ ಯಾರು ಬೇಡ ಅಂತಾರೆ?

ಹೀಗಿರುವಾಗ ಬೆಂಗಳೂರಿನ ದೊಡ್ಡ ಬಾಕ್ಸ್ ಕಂಪನಿಯೊಂದು ಇವಳಿಗಿಂತ ಕಡಿಮೆ ದರ ಹಿಡಿದು ಜ್ಯೂಸ್ ಕಂಪನಿಯ ಬಾಗಿಲಿಗೆ ಬಂತು. ದರದಲ್ಲಿ ಅವರ ಜೊತೆ ಗುದ್ದಾಡಲು ಪುಷ್ಪಾಳ ಕೈಲಾಗದು. ಈ ಗಿರಾಕಿ ಕೈತಪ್ಪಿದರೆ ಶೆಡ್ಡಿಗೆ ಬೀಗವೇ ಗತಿ. ಪಕ್ಕದ ಶೆಡ್ಡಿನವರು ಗಾಡಿ ಬಿಡಿಭಾಗದ ಕಂಪನಿಯೊಂದರ ಜೊತೆ ಮಾಡಿಕೊಂಡಿದ್ದ ಏರ್ಪಾಡನ್ನು ಕೇಳಿ ತಿಳಿದು, ಅದನ್ನೇ ತನ್ನ ಕಸುಬಿಗೆ ಹೊಂದಿಸಿಕೊಂಡು, ಪರ್ಚೇಸ್ ಮ್ಯಾನೇಜರ್ ರಘುನಂದನ್ ಎದುರು ಹೋಗಿ ಕೂತಳು. ಅವನು ಟೀ ಕೂಡ ಹೇಳಲಿಲ್ಲ. ಮೈಸೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುವವನು. ಮದ್ದೂರಿನ ಶೆಡ್ಡಿನ ಹೆಂಗಸೊಬ್ಬಳಿಂದ ಹೊಸದೇನು ಕೇಳುವುದಿದೆ ಎಂಬುದು ಅವನ ಮುಖದ ಮೇಲೆಯೇ ಬರೆದಿತ್ತು.

"ಇನ್ಮೇಕೆ ನೀವು ಆರ್ಡರ್ ಆಕದೇ ಬ್ಯಾಡ ಸಾರ್," ಎಂದಳು ಪುಷ್ಪಾ. "ನಿಮ್ ಸ್ಟೋರ್ಸಲ್ಲಿ ನಮ್ ಬಾಕ್ಸ್ ಎಷ್ಟವೆ ಅನ್ನದು ದಿನಾ ಬೆಳಿಗ್ಗೆ ನನ್ ಫೋನಲ್ಲಿ ಕಾಣ್ಬೇಕು. ಮುಂದಿನ ಎರಡು ವಾರ ಎಷ್ಟು ಜ್ಯೂಸ್ ತುಂಬ್ತೀರಿ ಅನ್ನದೂ ಕಾಣ್ಬೇಕು. ಎರಡು ಗೆರೆ ಆಕವ. ಕೆಳಗಿನ ಗೆರೆ ನಾಕ್ ದಿನದ ಖರ್ಚು, ಮೇಲಿನ ಗೆರೆ ಹತ್ತು ದಿನದ್ದು. ಸ್ಟೋರ್ಸಲ್ಲಿರದು, ದಾರೀಲಿರದು ಎರಡೂ ಸೇರಿ ಕೆಳಗಿನ ಗೆರೆ ಮುಟ್ತು ಅಂದ್ರೆ ನಿಮ್ ಫೋನಿಗೆ ಕಾಯಕ್ಕಿಲ್ಲ, ಮೇಲಿನ ಗೆರೆ ತುಂಬೋವಷ್ಟು ನಾನೇ ಕಳುಸ್ತೀನಿ. ಮೇಲಿನ ಗೆರೆ ದಾಟಿ ಒಂದು ಬಾಕ್ಸೂ ಬರಕ್ಕಿಲ್ಲ. ಲೈನಿಗೆ ಎಳ್ಕಳಗಂಟ ಅದು ನನ್ ಮಾಲು. ಎಳ್ಕಂಡಷ್ಟಕ್ಕೆ ಬಿಲ್ಲು."

ಬಿಲ್ಲಿನ ಮಾತು ಬಂದಾಗ ರಘುನಂದನ್ ಸ್ವಲ್ಪ ನೆಟ್ಟಗೆ ಕೂತ.

"ನಾವು ಬಾಕ್ಸಿನ ಪ್ರಿಂಟ್ ಬದಲಾಯಿಸಿದರೆ? ಹಳೇದು ಯಾರ ತಲೆಗೆ?"

"ಮೇಲಿನ ಗೆರೆಗಂಟ ನಿಮ್ ತಲೆಗೆ. ಅದನ್ನ ಮೀರಿ ನಾನು ಮಾಡಿ ಮಡಗಿದ್ರೆ ನನ್ ತಲೆಗೆ."

"ಸರಿ. ನಮ್ಮ ಸ್ಟಾಕ್ ನೀವು ನೋಡ್ತೀರಿ. ನಿಮ್ಮ ಸ್ಟಾಕ್ ನಾವು ನೋಡೋದು ಬೇಡವಾ? ಗೆರೆ ಮುಟ್ಟಿದ ದಿನ ನಿಮ್ಮ ಹತ್ತಿರ ಮಾಲು ಇದೆಯೋ ಇಲ್ಲವೋ ನಮಗೆ ಗೊತ್ತಾಗಬೇಕಲ್ಲ. ಮೊದಲು ನಮ್ಮ ಸ್ಟೋರ್ಸ್ ಎಣಿಸ್ತೀನಿ, ಆಮೇಲೆ ನಿಮ್ಮ ಶೆಡ್ಡಿಗೆ ಬರ್ತೀನಿ."

ಈ ಮಾತನ್ನು ಪುಷ್ಪಾ ನಿರೀಕ್ಷಿಸಿರಲಿಲ್ಲ. ಮನೆಗೆ ಬಂದು ಹೇಳಿದಾಗ, ತಲೆಯಾಡಿಸುವ ಮಹದೇವನೂ ಒಂದು ಮಾತು ಆಡಿದ. "ಹಿಂದ್ಗಡೆ ಇರದ್ನೆಲ್ಲ ನಮ್ಮಣ್ಣನ ಆಲೆಮನೆಗೆ ಸಾಗುಸ್ಬುಡ್ಲೇನಮ್ಮಿ?"

"ಸುಮ್ಕಿರಿ, ನೀವೊಬ್ರು," ಎಂದಳು. "ನೆನ್ನೆ ಮಾಡ್ಸಿದ್ದು ಅಂದ್ರೆ ಮುಗೀತು. ಅವ್ಕೆ ರಟ್ಟು ಗೊತ್ತಾ, ರದ್ದಿ ಗೊತ್ತಾ? ಕಂಪ್ಯೂಟರಲ್ಲಿ ಇಲ್ದಿದ್ದು ಆ ಕುರುಡ್ ಮುಂಡೇವ್ಕೆ ಕಾಣದೇ ಇಲ್ಲ."

ರಘುನಂದನ್ ಬಂದ. ಜೊತೆಗೆ ಸಿದ್ದೇಶನೂ ಇದ್ದ. ಮ್ಯಾನೇಜರ್ ಶೆಡ್ಡಿನೊಳಗೆ ಒಂದು ಸುತ್ತು ಹಾಕಿ, ಹಿಂದೆ ಹೋಗಿ, ಎರಡು ಬೆರಳಲ್ಲಿ ಟಾರ್ಪಾಲು ಎತ್ತಿದ.

"ಅದು ನೆನ್ನೆ ರಾತ್ರಿ ಮಾಡ್ಸಿದ್ದು ಸಾರ್. ಕಳ್ಸದಿದೆ," ಎಂದಳು ಪುಷ್ಪಾ, ಸ್ವಲ್ಪವೂ ಅಳುಕದೆ.

ಅವನು ಕಟ್ಟಿನಿಂದ ಒಂದು ಬಾಕ್ಸು ಎಳೆದು ತಿರುವಿದ. ತಳದ ಮಡಿಕೆಯ ಮೇಲೆ ಶೆಡ್ಡಿನ ಮುದ್ರೆ, ಅದರ ಕೆಳಗೆ ತಯಾರಾದ ತಿಂಗಳು. ಮುದ್ರೆ ಇಲ್ಲದೆ ಒಂದು ಬಾಕ್ಸೂ ಆಚೆ ಹೋಗಕೂಡದೆಂದು ಹೆಣ್ಣಾಳುಗಳಿಗೆ ದಿನಾ ಬೈದು ಒತ್ತಿಸುತ್ತಿದ್ದವಳು ಪುಷ್ಪಾಳೇ. ತನ್ನ ಕೆಲಸದ ಮೇಲೆ ಅವಳಿಗೆ ಅಷ್ಟು ಜಂಬ.

"ಈಗ ಮೇ ತಿಂಗಳು," ಎಂದ ರಘುನಂದನ್. "ಇಲ್ಲಿ ಫೆಬ್ರವರಿ ಅಂತಿದೆ. ನಿಮ್ಮ ರಾತ್ರಿ ಬಹಳ ಉದ್ದ ಕಣಮ್ಮ."

ಪುಷ್ಪಾ ಆ ಬಾಕ್ಸನ್ನು ಅವನ ಕೈಯಿಂದ ಕಿತ್ತು ಮತ್ತೆ ಕಟ್ಟಿಗೆ ತುರುಕಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಸಿದ್ದೇಶ್ ಗಹಗಹಿಸಿ ನಗತೊಡಗಿದ. ಅವನ ನಗುವೇ ಅವಳಿಗೆ ಹೆಚ್ಚು ಉರಿಯಿತು.

"ಅಂಗಾರೆ ರಾತ್ರಿ ಮಲಗ್ತಿದ್ರಾ ಪುಷ್ಪಕ್ಕ? ನಾನೂ ಮಲಗ್ತಿದ್ದೆ ಕಣಕ್ಕ! ಲೈನಲ್ಲಿ ಮಿಕ್ಕಿ ವಾಪಸ್ ಬಂದ ಬಾಕ್ಸ್ನ ಕಷ್ಟಕಾಲಕ್ಕಿರ್ಲಿ ಅಂತ ಕಂಪ್ಯೂಟರಿಗೆ ಏರುಸ್ದೆ ಹಳೇ ಬಾಯ್ಲರ್ ರೂಮಿಗೆ ತುಂಬ್ತಿದ್ದೆ. ಮೊನ್ನೆ ಸಾಹೇಬ್ರು ಎಣಿಸ್ವಾಗ ಸಿಕ್ಬುಡ್ತು, ಉಗುಸ್ಕಂಡೆ. ನೀವು ಕಳ್ಸದೆ ಇದ್ದಿದ್ರೂ ಲೈನ್ ನಿಲ್ತಿರ್ನಿಲ್ಲ. ಗೋಗರೀದಿದ್ರೆ ನೀವು ಬೇಗ ಕಳುಸ್ತಿರ್ನಿಲ್ಲ, ಅದ್ಕೆ ಗೋಗರೀತಿದ್ದೆ."

ದಡ್ಡನೆಂದು ತಾನು ವರ್ಷಗಟ್ಟಲೆ ಉಗಿದವನು ತನ್ನನ್ನು ದಡ್ಡಿ ಎಂದುಕೊಂಡೇ ಉಗಿಸಿಕೊಂಡಿದ್ದ. ಮಾನ ಉಳಿಸಿದೆನೆಂದು ಬೀಗಿದ್ದೆಲ್ಲ ದಂಡ. ರಘುನಂದನ್ ಕೈಗೆ ಅಂಟಿದ ಧೂಳು ಒರೆಸಿಕೊಳ್ಳುತ್ತಾ, ಇಬ್ಬರನ್ನೂ ಒಟ್ಟಿಗೆ ಕಸ ನೋಡುವಂತೆ ನೋಡಿದ.

"ಇಬ್ಬರೂ ಬಚ್ಚಿಡೋರೇ. ನಿಮ್ಮಂಥೋರ ಮಧ್ಯೆ ಇಂಥದೊಂದು ಏರ್ಪಾಡು ಇರಲೇಬೇಕು. ಬೆಂಗಳೂರಿನವರು ನಮ್ಮ ಸ್ಟೋರ್ಸಲ್ಲಿ ಅವರ ಮಾಲು ಇಡಲ್ಲ ಅಂದರು, ಆ ದರ ನನಗೆ ಬೇಡ. ಆದರೆ ಬಾಯ್ಲರ್ ರೂಮಿಂದು, ಈ ಟಾರ್ಪಾಲಿಂದು, ಎರಡೂ ಸ್ಕ್ರೀನಿಗೆ ಬರಬೇಕು. ಒಂದು ಕಟ್ಟು ಬಚ್ಚಿಟ್ಟರೂ ಏರ್ಪಾಡು ರದ್ದು."

ಹೀಗೆ ಪುಷ್ಪಾ ಗೆದ್ದಳು. ಗಿರಾಕಿ ಉಳಿಯಿತು, ಸಹಿಯೂ ಬಿತ್ತು. ಆ ಸಂಜೆ ಮಹದೇವ ತಿಂಡಿಗೆ ಮದ್ದೂರು ವಡೆ ತಂದರೆ, ಅದಕ್ಕೂ ಕೊಂಕು ತೆಗೆದು ಎರಡು ತಿಂದಳು.

ಏರ್ಪಾಡು ಶುರುವಾದ ದಿನ ಬೆಳಿಗ್ಗೆ ಬಂದವಳೇ ಫೋನು ತೆರೆದಳು. ಕಂಪನಿಯ ಸ್ಟಾಕು ಕಣ್ಣೆದುರಿಗೇ ಇತ್ತು. ಬಾಯ್ಲರ್ ರೂಮಿನದೂ ಸೇರಿ, ಮೇಲಿನ ಗೆರೆಯನ್ನು ದಾಟಿ ಎಲ್ಲೋ ಮೇಲೆ ನಿಂತಿತ್ತು. ಅದು ಇಳಿದು ಕೆಳಗಿನ ಗೆರೆ ಮುಟ್ಟುವವರೆಗೆ ಒಂದು ಲೋಡೂ ಹೋಗುವಂತಿಲ್ಲ. ಮುಟ್ಟಿದ ಮೇಲೂ ಕಳಿಸಲು ಟಾರ್ಪಾಲಿನ ಕೆಳಗಿರುವುದೇ ಸಾಕು. ಅಂದರೆ ಈ ತಿಂಗಳು ಹೊಸದಾಗಿ ಒಂದು ಬಾಕ್ಸೂ ಬೇಕಿಲ್ಲ. ಯಾರನ್ನಾದರೂ ಬೈಯೋಣವೆಂದು ಸಿದ್ದೇಶನಿಗೆ ಫೋನ್ ಮಾಡಿದಳು.

"ನೀವೇ ಆಕಿದ್ ಗೆರೆ ಕಣಕ್ಕ," ಎಂದ ಅವನು. ದನಿಯಲ್ಲಿ ಗೋಗರೆತದ ಸುಳಿವೂ ಇರಲಿಲ್ಲ.

ಹೆಣ್ಣಾಳುಗಳು ಊಟದ ಡಬ್ಬಿ ಇಟ್ಟು ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ದೇವಿರಮ್ಮ ಪಿನ್ ಮಿಶನ್ನಿನ ಮುಂದೆ ಕೂತು ಕೇಳಿದಳು.

"ಇವತ್ತು ಯಾವ ಸೈಜಕ್ಕ?"

"ಇವತ್ತು ಬ್ಯಾಡ ಕಣವ್ವ. ಈ ತಿಂಗ್ಳು ಕೆಲ್ಸ ಇಲ್ಲ. ಅವರತ್ರ ಬೇಕಾದಷ್ಟು ಬಿದ್ದದೆ, ನಮ್ಮತ್ರಾನೂ ಬಿದ್ದದೆ."

ದೇವಿರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಪುಷ್ಪಾ ಇಷ್ಟು ವರ್ಷ ಬೇರೆಯವರನ್ನು ನೋಡುತ್ತಿದ್ದುದು ಹಾಗೆಯೇ.

"ಅಂಗಾರೆ ಇಷ್ಟು ದಿನ 'ಬಿರ್ರನೆ ಮಾಡ್ರಲೇ, ಲೈನ್ ನಿಂತೋಯ್ತದೆ' ಅಂತ ನಮ್ ಪ್ರಾಣ ತಿಂದಿದ್ದು ಯಾಕಕ್ಕ?"