ದಮ್ ಕಟ್ಟಿದ ಮೂಟೆ

ಸೂಳಗಿರಿಯ ಮಂಡಿಯಲ್ಲಿ ರಾಗಿ ಮೂಟೆ ಹೊರುತ್ತಿದ್ದಾಗ ಮೇಸ್ತ್ರಿ ನನಗೆ ಕಲಿಸಿದ್ದು ಒಂದೇ ವಿದ್ಯೆ: ‘ದಮ್ ಕಟ್ಟಿ ಎತ್ತಲಾ!’

ಬಯಲಿಗೆ ಹೋದಾಗ ರಕ್ತ ಬಿದ್ದು ಮೂಲವ್ಯಾಧಿಯ ಮೊಳೆ ಹೊರಬಂತು. ಉಷ್ಣವೆಂದು ಮಜ್ಜಿಗೆ ಕುಡಿದೆ. ಲಾಭವಾದದ್ದು ಮಜ್ಜಿಗೆ ಮಾರುವವಳಿಗೆ. ಕೊನೆಗೆ ಕೃಷ್ಣಗಿರಿಯ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಪರೀಕ್ಷಿಸಿ, ಮೂಲೆಯಲ್ಲಿದ್ದ ನೀರಿನ ಬಕೆಟ್ ಎತ್ತಲು ಹೇಳಿದರು. ಅಭ್ಯಾಸದಂತೆ ಉಸಿರು ಬಿಗಿಹಿಡಿದು ಎತ್ತಿದೆ.

‘ಇದೇ ನೋಡಿ. ಉಸಿರು ಕಟ್ಟಿದ್ರೆ ಹೊಟ್ಟೆಯ ಒತ್ತಡ ಕೆಳಗಿನ ರಕ್ತನಾಳಗಳ ಮೇಲೆ ಬೀಳುತ್ತೆ. ಮೊಳೆ ಇನ್ನೂ ಉಬ್ಬುತ್ತೆ. ಈಗ ಮೂಟೆ ಬೇಡ. ಆಮೇಲೂ ಎತ್ತುವಾಗ ದಮ್ ಬಿಡಿ.’

‘ಬುಡ್ತೀನಮ್ಮಾ’ ಎನ್ನುವಷ್ಟರಲ್ಲಿ ನನ್ನ ಹಳೇ ಕೆಮ್ಮು ಬಂತು. ಕೆಮ್ಮಿದಾಗಲೆಲ್ಲ ಕೆಳಗೆ ಮೊಳೆ ಹಿಂಡಿತು.

ಆಕೆ ನನ್ನ ಜೇಬಿನ ಬೀಡಿ ಕಟ್ಟನ್ನು ನೋಡಿದರು.

‘ಆ ದಮ್ಮೂ ಬಿಡಿ.’