ಗೋಡೆಗೆ ಅಂಟಿಸಿದ 1.96

ನಾನು ಆಳಂದದಿಂದ ವರ್ಗವಾಗಿ ಜೇವರ್ಗಿಯ ಕಾಲೇಜಿಗೆ ಸಂಖ್ಯಾಶಾಸ್ತ್ರ ಕಲಿಸಲು ಬಂದಾಗ, ವಿಭಾಗದ ಗೋಡೆಯ ಮೇಲೆ ಒಂದು ಕಾಗದ ವಿರಾಜಮಾನವಾಗಿತ್ತು. ಯಾರೋ ಮಹಾನುಭಾವರು, ಸ್ಯಾಂಪಲ್ಲಿನ ಗಾತ್ರಕ್ಕೆ ತಕ್ಕ ಗುಣಕ ಹೇಳುವ ಟಿ ಕೋಷ್ಟಕವನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿ, ಜಾಗ ಸಾಲದೆ ಕೊನೆಯ ಸಾಲನ್ನಷ್ಟೇ ಕತ್ತರಿಸಿ ಅಂಟಿಸಿದ್ದರು. ಭಾರೀ ದೊಡ್ಡ ಸ್ಯಾಂಪಲ್ಲಿಗೆ ಸಲ್ಲುವ ಸಾಲು ಅದು. 1.96ಕ್ಕೆ ಕೆಂಪು ಚೌಕಟ್ಟು ಬೇರೆ. ಹುಡುಗರು ಅದಕ್ಕೆ ಊದುಬತ್ತಿ ಹಚ್ಚುವುದೊಂದು ಬಾಕಿ.

ಮುಂಗಾರು ಬಿದ್ದ ಮರುದಿನ, ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೈಲೆಕ್ಕ ತಂದಳು. ಹೋದ ಸುಗ್ಗಿಯಲ್ಲಿ ಕೊಳಕೂರದ ತಮ್ಮ ಹೊಲದಲ್ಲಿ ಹೊಸ ತೊಗರಿ ತಳಿಯ, ಒಂದೇ ಅಳತೆಯ ಒಂಬತ್ತು ತುಂಡು ನೆಲ ಕೊಯ್ದು ತೂಗಿದ್ದಳು. ತುಂಡಿಗೆ ಸರಾಸರಿ 2.4 ಕಿಲೊ. ಹಳೆಯ ತಳಿ ಅಷ್ಟೇ ನೆಲದಲ್ಲಿ ಎರಡು ಕಿಲೊ ಕೊಡುವುದು ವರ್ಷಗಳ ಅನುಭವ. ಹೊಸದು ನಿಜವಾಗಿ ಹೆಚ್ಚು ಕೊಡುತ್ತದೆಂದಾದರೆ ಇಡೀ ಹೊಲಕ್ಕೆ ಅದನ್ನೇ ಬಿತ್ತಲು ಅವಳ ತಂದೆ ಸಿದ್ಧ. ಅವರು ಬಾಗಿಲಲ್ಲೇ ನಿಂತಿದ್ದರು. ಕೂಡಲೊಲ್ಲರು.

“ಸರ್, ಲಗೂ ನೋಡ್ರಿ. ನೆಲದ ಹದ ಹೋದ್ರ ಮುಗೀತು. ಟ್ರ್ಯಾಕ್ಟರ್ ನಿಂತದ.”

ನೋಡಿದೆ. ತೂಕಗಳ ಏರಿಳಿತ ಹೇಳುವ ಮಾನಕ ವಿಚಲನೆ 0.6. ಅದನ್ನು ಒಂಬತ್ತರಿಂದಲೇ ಭಾಗಿಸಿರುತ್ತಾಳೆಂದು ಕೆಂಪು ಪೆನ್ನು ತೆರೆದೆ. ಇಲ್ಲ, ಒಂಬತ್ತರ ವರ್ಗಮೂಲ ಮೂರರಿಂದ ಭಾಗಿಸಿದ್ದಳು. ಸರಾಸರಿಯ ಮಾನಕ ದೋಷ 0.2, ಸರಿ. ಪೆನ್ನು ಮುಚ್ಚಿದೆ. ತಂದೆ ಒಳಗೆ ಎರಡು ಹೆಜ್ಜೆ ಬಂದು, ಮುಗಿಲು ನೋಡಲು ಮತ್ತೆ ಹೊರಗೆ ಹೋದರು.

ಮುಂದೆ 1.96 ಗುಣಿಸು 0.2. ನಿಜವಾದ ಸರಾಸರಿ ಇರಬಹುದಾದ ಅಂತರ 2.008ರಿಂದ 2.792ರವರೆಗೆ. ಕೆಳಗಿನ ತುದಿಯೂ ಹಳೆಯ ತಳಿಯ ಎರಡು ಕಿಲೊವನ್ನು ಕೂದಲೆಳೆಯಷ್ಟು ದಾಟಿತ್ತು. ಅಂದರೆ ಅವಳ ಲೆಕ್ಕದಲ್ಲಿ ಹೊಸದೇ ಮೇಲು.

“ಈ 1.96 ಎಲ್ಲಿಂದ ತಂದಿ?”

ಅವಳು ಗೋಡೆ ತೋರಿಸಿದಳು. “ಅಲ್ಲೇ ಅದಲ್ರೀ ಸರ್. ಎಲ್ಲಾರೂ ಅದನ್ನೇ ಹಾಕ್ತಾರ.”

“ಒಂಬತ್ತೇ ತುಂಡು ಅದಾವ. ವಿಚಲನೆನೂ ಅವುಗಳಿಂದನೇ ತಗದೀದಿ. ಒಂದು ಕಳದು ಎಂಟರ ಸಾಲು ನೋಡು.”

ಬೀರುವಿನಿಂದ ಇಡೀ ಪುಸ್ತಕ ತೆಗೆದುಕೊಟ್ಟೆ. ಎಂಟರ ಸಾಲಿನಲ್ಲಿ 2.306. ಅವಳು ಗುಣಿಸಿದಳು: 0.461. ಅಂತರ 1.94ರಿಂದ 2.86. ಎರಡು ಕಿಲೊ ಈಗ ಅಂತರದ ಒಳಗೇ ಕೂತಿತ್ತು. ಅವಳ ಮುಖ ಇಳಿಯಿತು.

“ಏನಾತ್ ಬೇಟಿ? ಬಿತ್ತೂದೋ ಬ್ಯಾಡೋ?” ತಂದೆ ಮತ್ತೆ ಬಾಗಿಲಿಗೆ ಬಂದಿದ್ದರು.

“ಅಬ್ಬಾ, ಇದು ಹಳೇದಕ್ಕಿಂತ ಚಲೋ ಅಂತ ಖಾತ್ರಿ ಹೇಳಾಕ ಆಗಂಗಿಲ್ಲ. ಕೆಟ್ಟದ ಅಂತನೂ ಅಲ್ಲ.” ಮಗಳು ತಂದೆಯತ್ತ ತಿರುಗಿ ಹೇಳಿದಳು.

“ಇಷ್ಟ ಹೇಳಾಕ ಇಬ್ಬರು ಬೇಕಾತೇನ್ರಿ ಸರ್?”

ನಾನು ಗಂಭೀರವಾಗಿ ಹೌದೆಂದೆ.

ಅವರು ಮಗಳನ್ನು ನೋಡಿದರು, ಮುಗಿಲನ್ನು ನೋಡಿದರು, ಟ್ರ್ಯಾಕ್ಟರಿನವನಿಗೆ ಫೋನು ಹಚ್ಚಿದರು. “ಹೊಸಾ ಬೀಜ ಹಳ್ಳದ ಕಡೀ ಪಟ್ಟಿಗಷ್ಟೇ. ಉಳಿದದ್ದಕ್ಕ ಹಳೇದೇ ಹಾಕು.” ಫೋನಿಟ್ಟು ಮಗಳಿಗೆ ಹೇಳಿದರು: “ಬರೋ ಸುಗ್ಗಿಗೆ ಒಂಬತ್ತಲ್ಲ, ಜಾಸ್ತಿ ತುಂಡು ಕೊಯ್ಯಿ. ನಾ ಕುಡಗೋಲ ಹಿಡೀತೇನಿ.”